ಹಳೆಯ ಶಾಸನ ಸಂಪುಟ ಹುಡುಕಿಕೊಡಿ ಎಂದು ಅಂಗಡಿಗೆ ಬರೆಯುವುದು ಹೇಗೆ, ದುಡ್ಡು ಕೊಡುವುದು ಯಾವಾಗ?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ದೇವಸ್ಥಾನದ ಅಂಗಳದಲ್ಲಿ ಒಂದು ಕಲ್ಲಿನ ಶಾಸನ ಇದೆ. ಅದರ ಪಾಠ ‘ಎಪಿಗ್ರಾಫಿಯಾ ಕರ್ನಾಟಿಕಾ’ 8ನೇ ಸಂಪುಟದಲ್ಲಿ ಅಚ್ಚಾಗಿದೆ ಅಂತ ನಮ್ಮ ಮೇಷ್ಟ್ರು ಹೇಳಿದರು. ಶಿವಮೊಗ್ಗದ ಒಬ್ಬ ಪುಸ್ತಕದಂಗಡಿಯವರಿಗೆ “ಎಪಿಗ್ರಾಫಿಯಾ ಕರ್ನಾಟಿಕಾ 8ನೇ ಸಂಪುಟ ಬೇಕು, ಬೆಲೆ ತಿಳಿಸಿ” ಎಂದು ಇಮೇಲ್ ಹಾಕಿದೆ. ಮೂರು ವಾರ ಆಯಿತು, ಉತ್ತರ ಇಲ್ಲ. ಇನ್ನೊಬ್ಬರು ಫೋನಿನಲ್ಲಿ ಸಿಕ್ಕರು, ಪೂರ್ತಿ ದುಡ್ಡು ಮೊದಲೇ ಹಾಕಿ ಎನ್ನುತ್ತಿದ್ದಾರೆ. ಹೇಗೆ ಬರೆದರೆ ಪುಸ್ತಕ ಸಿಗುತ್ತದೆ? ದುಡ್ಡು ಯಾವಾಗ ಕೊಡಬೇಕು? ಹತ್ತು ಅಂಗಡಿಗೆ ಒಟ್ಟಿಗೇ ಬರೆದುಬಿಡಲಾ?

ಉತ್ತರ: ಅಂಗಡಿಯವರು ಅಸಡ್ಡೆಯಿಂದ ಸುಮ್ಮನಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ನಾನೂ ಹಳೆಯ ಪುಸ್ತಕಗಳ ವ್ಯಾಪಾರದಲ್ಲೇ ಇರುವವನು. ನಿಮ್ಮ ಒಂದು ಸಾಲಿನ ಮೇಲ್ ನನಗೆ ಬಂದಿದ್ದರೆ, ಉತ್ತರಿಸುವ ಮೊದಲು ನಿಮ್ಮನ್ನೇ ನಾಲ್ಕು ಪ್ರಶ್ನೆ ಕೇಳಬೇಕಾಗುತ್ತಿತ್ತು. ಹಾಗೆ ಕೇಳಬೇಕಾದ ಮೇಲ್‌ಗಳನ್ನು ಸಂಜೆ ನೋಡೋಣ ಎಂದು ಪಕ್ಕಕ್ಕಿಡುತ್ತೇವೆ. ಸಂಜೆ ಹೊತ್ತಿಗೆ ಅದರ ಮೇಲೆ ಇನ್ನಷ್ಟು ಮೇಲ್ ಬಂದು ಕೂತಿರುತ್ತದೆ. ಜೂನ್ ತಿಂಗಳಾದರೆ ಶಾಲೆ ಪುಸ್ತಕದ ಗಲಾಟೆ ಬೇರೆ.

ನಿಮ್ಮ ಮೇಲ್‌ನಲ್ಲಿ ಇನ್ನೂ ದೊಡ್ಡ ತೊಡಕು ಒಂದಿದೆ. ‘ಎಪಿಗ್ರಾಫಿಯಾ ಕರ್ನಾಟಿಕಾ 8ನೇ ಸಂಪುಟ’ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಪುಸ್ತಕಗಳಿವೆ.

ಮೊದಲನೆಯದು ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನದ ಕಾಲದಲ್ಲಿ ಹೊರತಂದ ಮಾಲೆಯದು. ಆ ಮಾಲೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಎರಡು ಸಂಪುಟ ಮೀಸಲು. 1902ರ 7ನೇ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳಿವೆ. 1904ರ 8ನೇ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ಇವೆ. ನಿಮ್ಮ ಮೇಷ್ಟ್ರು ಹೇಳಿದ್ದು ಇದನ್ನೇ.

ಎರಡನೆಯದು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಮಾಲೆಯದು. ಹೆಸರು ಅದೇ, ಆದರೆ ಸಂಪುಟಗಳ ಲೆಕ್ಕ ಹೊಸದು. ರೈಸ್ ಅವರಲ್ಲಿ ಹಾಸನ ಜಿಲ್ಲೆ 5ನೇ ಸಂಪುಟದಲ್ಲಿತ್ತು. ಪರಿಷ್ಕೃತ ಮಾಲೆಯ 8ನೇ ಸಂಪುಟ ಹಾಸನ ಜಿಲ್ಲೆಯದು. ಪರಿಷ್ಕೃತ ಮಾಲೆಯ ಪ್ರತಿಗಳು ಹಳೆಯ ಪುಸ್ತಕದ ಪೇಟೆಯಲ್ಲಿ ರೈಸ್ ಅವರದಕ್ಕಿಂತ ಸುಲಭವಾಗಿ ಸಿಗುತ್ತವೆ. ಬರೀ ‘8ನೇ ಸಂಪುಟ’ ಎಂದು ಆರ್ಡರ್ ಕೊಟ್ಟು, ದುಡ್ಡೂ ಕಟ್ಟಿ, ಪೊಟ್ಟಣ ಬಿಚ್ಚಿದಾಗ ಹಾಸನದ ಶಾಸನಗಳು ಸಿಕ್ಕರೆ ತಪ್ಪು ಯಾರದು? ಅಂಗಡಿಯವರು ನೀವು ಕೇಳಿದ್ದನ್ನೇ ಕೊಟ್ಟಿದ್ದಾರೆ. ವಾಪಸ್ ತಗೊಳ್ಳಿ ಎನ್ನುವುದಕ್ಕೆ ನಿಮ್ಮ ಹತ್ತಿರ ಆಧಾರ ಇರುವುದಿಲ್ಲ.

ಇನ್ನೊಂದು ಗೊಂದಲವೂ ಇದೆ. ರೈಸ್ ಅವರ 8ನೇ ಸಂಪುಟದ ಹೆಸರಿನಲ್ಲಿ ‘ಶಿವಮೊಗ್ಗ ಜಿಲ್ಲೆ, ಎರಡನೇ ಭಾಗ’ ಎಂದಿದೆ. ಇದನ್ನು ನೋಡಿದವರು 8ನೇ ಸಂಪುಟಕ್ಕೇ ಎರಡು ಪುಸ್ತಕ ಇವೆ, ಇದು ಎರಡನೆಯದು, ಮೊದಲನೆಯದು ಕಳೆದುಹೋಗಿದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಮೊದಲನೇ ಭಾಗ ಎಂದರೆ 7ನೇ ಸಂಪುಟವೇ. ನಿಮಗೆ ಅದು ಬೇಡ.

ಆರ್ಡರ್ ಕೊಡುವ ಮೊದಲು ಶಾಸನ ಅಲ್ಲಿದೆಯೇ ನೋಡಿ

ಮೇಷ್ಟ್ರ ಮಾತನ್ನು ನಾನು ಅನುಮಾನಿಸುತ್ತಿಲ್ಲ. ಆದರೂ ಇಷ್ಟು ದುಡ್ಡು ಹಾಕುವ ಮೊದಲು ಒಂದು ಸಲ ಕಣ್ಣಾರೆ ನೋಡಿಕೊಳ್ಳಿ. ರೈಸ್ ಅವರು ತೀರಿಕೊಂಡದ್ದು 1927ರಲ್ಲಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಹಕ್ಕು ಮುಗಿಯುತ್ತದೆ. ಹಾಗಾಗಿ ಈ ಸಂಪುಟಗಳ ಸ್ಕ್ಯಾನ್ archive.org ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಇದರಲ್ಲಿ ಕಾನೂನಿನ ತೊಡಕು ಏನೂ ಇಲ್ಲ.

ಅದನ್ನು ತೆರೆದು ತೀರ್ಥಹಳ್ಳಿ ತಾಲ್ಲೂಕಿನ ಭಾಗಕ್ಕೆ ಹೋಗಿ. ಪ್ರತಿ ತಾಲ್ಲೂಕಿನ ಶಾಸನಗಳಿಗೂ ಅಲ್ಲಿ ಬೇರೆಯಾಗಿ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟಿದ್ದಾರೆ. ನಿಮ್ಮ ಊರಿನ ಹೆಸರು, ಶಾಸನ ಇರುವ ಜಾಗ, ಸಂಖ್ಯೆ ಮೂರನ್ನೂ ಬರೆದಿಟ್ಟುಕೊಳ್ಳಿ. ಊರಿನ ಹೆಸರು ಇಂಗ್ಲಿಷ್‌ನಲ್ಲಿ ಈಗಿನ ಹಾಗೆ ಇರುವುದಿಲ್ಲ, ಒಂದೆರಡು ಬಗೆಯಲ್ಲಿ ಹುಡುಕಿ. ತೀರ್ಥಹಳ್ಳಿಯಲ್ಲಿ ಸಿಗದಿದ್ದರೆ ನಗರ ತಾಲ್ಲೂಕಿನ ಪಟ್ಟಿಯನ್ನೂ ನೋಡಿ. ಈಗಿನ ಹೊಸನಗರದ ಕಡೆಯ ಊರುಗಳು ಆಗ ನಗರ ತಾಲ್ಲೂಕಿಗೆ ಸೇರಿದ್ದವು. ಗಡಿಯ ಊರುಗಳ ವಿಷಯದಲ್ಲಿ ಈ ಗೊಂದಲ ಜಾಸ್ತಿ. ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಯಲ್ಲಿವೆ, ರೈಸ್ ಅವರ ಲೆಕ್ಕದಲ್ಲಿ ಶಿವಮೊಗ್ಗದವು. ಹಳೆಯ ಪುಸ್ತಕವನ್ನು ಹಳೆಯ ಗಡಿಯ ಪ್ರಕಾರವೇ ಹುಡುಕಬೇಕು.

ಇಷ್ಟು ಮಾಡಿದ ಮೇಲೆ ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ನಿಮಗೆ ಬೇಕಿರುವುದು ಶಾಸನದ ಪಾಠವೋ, ಪುಸ್ತಕವೋ? ಪಾಠ ಮಾತ್ರ ಸಾಕು ಎಂದಾದರೆ ಆ ನಾಲ್ಕಾರು ಪುಟಗಳನ್ನು ಪ್ರಿಂಟ್ ಹಾಕಿಸಿ, ದೇವಸ್ಥಾನದ ಕಡತದಲ್ಲಿ ಇಡಿ. ವ್ಯಾಪಾರಿಯಾಗಿ ಹೀಗೆ ಹೇಳುವುದು ನನಗೆ ನಷ್ಟವೇನಲ್ಲ. ಬೇಡದ ಪುಸ್ತಕ ಕೊಂಡವರು ಮತ್ತೆ ಅಂಗಡಿಗೆ ಬರುವುದಿಲ್ಲ. ಮನೆಯಲ್ಲಿ ಆ ಸಂಪುಟವೇ ಇರಬೇಕು, ಮುಂದಿನವರಿಗೂ ಉಳಿಯಬೇಕು ಎಂದಿದ್ದರೆ ಮುಂದೆ ಓದಿ.

ಪೇಟೆಯಲ್ಲಿ ಸಿಗುವ ಎರಡು ಬಗೆ

ಒಂದು, 1904ರ ಮೂಲ ಅಚ್ಚು. ಇದು ಎಲ್ಲೂ ರಾಶಿ ಬಿದ್ದಿರುವುದಿಲ್ಲ. ಯಾರೋ ಪ್ರಾಧ್ಯಾಪಕರು ನಿವೃತ್ತರಾಗಿ ಮನೆ ಬದಲಿಸಿದಾಗ, ಹಳೆಯ ಮನೆತನದವರು ಅಟ್ಟ ಖಾಲಿ ಮಾಡಿದಾಗ, ಯಾವುದೋ ಗ್ರಂಥಾಲಯ ರದ್ದು ಮಾಡಿದ ಪುಸ್ತಕಗಳನ್ನು ವಿಲೇವಾರಿ ಮಾಡಿದಾಗ ಹೊರಬರುತ್ತದೆ. ಗುಜರಿಯವರ ಕೈಯಿಂದ ಬೆಂಗಳೂರಿನ ಅವೆನ್ಯೂ ರಸ್ತೆಗೋ ಮೈಸೂರು, ಧಾರವಾಡದ ವ್ಯಾಪಾರಿಗಳಿಗೋ ಹೋಗುತ್ತದೆ. ಶಿವಮೊಗ್ಗದ ಅಂಗಡಿಯವರು ‘ಹುಡುಕುತ್ತೇನೆ’ ಎಂದರೆ ಈ ಜನಕ್ಕೆ ಫೋನ್ ಮಾಡಿ ಹೇಳಿಡುತ್ತೇನೆ ಎಂದು ಅರ್ಥ. ಹಾಗಾಗಿ ವಾರದಲ್ಲಿ ಸಿಗಬಹುದು, ವರ್ಷವೂ ಆಗಬಹುದು.

ಮಲೆನಾಡಿನ ಮನೆಗಳಲ್ಲಿದ್ದ ಪ್ರತಿಯಾದರೆ ಸ್ಥಿತಿಯನ್ನು ಎಚ್ಚರದಿಂದ ವಿಚಾರಿಸಬೇಕು. ನಮ್ಮ ಮಳೆಗಾಲದ ತೇವ ಹಳೆಯ ಕಾಗದಕ್ಕೆ ಆಗುವುದಿಲ್ಲ. ಬೂಷ್ಟು ಹಿಡಿದು ಒಣಗಿದ ಪುಸ್ತಕ ನೋಡಲು ಚೆನ್ನಾಗಿಯೇ ಇರುತ್ತದೆ, ಮುಂದಿನ ಆಷಾಢದಲ್ಲಿ ಮತ್ತೆ ಬೂಷ್ಟು ಏಳುತ್ತದೆ, ಪಕ್ಕದ ಪುಸ್ತಕಕ್ಕೂ ಹರಡುತ್ತದೆ. ಗೆದ್ದಲು ಬೆನ್ನಿನ ಕಡೆಯಿಂದ ಒಳಗೆ ಹೋಗುವುದರಿಂದ ಮುಖಪುಟದ ಫೋಟೋದಲ್ಲಿ ಕಾಣುವುದೇ ಇಲ್ಲ. ಆ ಕಾಲದ ಕಾಗದ ಕಂದಾಗಿ, ಮೂಲೆ ಮಡಚಿದರೆ ಮುರಿಯುವಷ್ಟು ಒಣಗಿರುವುದೂ ಉಂಟು.

ಎರಡು, ಮರುಮುದ್ರಣ. ಇವತ್ತು ಇಂಟರ್ನೆಟ್‌ನಲ್ಲಿ ಮಾರುವ ‘ಹೊಸ ಪ್ರತಿ’ಗಳಲ್ಲಿ ಬಹಳಷ್ಟು ಇದೇ ಉಚಿತ ಸ್ಕ್ಯಾನ್ ಇಟ್ಟುಕೊಂಡು, ಆರ್ಡರ್ ಬಂದ ಮೇಲೆ ಅಚ್ಚು ಹಾಕಿ ರಟ್ಟು ಕಟ್ಟಿದವು. ಇದು ಮೋಸ ಅಲ್ಲ. ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಸ್ಕ್ಯಾನ್‌ನಲ್ಲಿ ಪುಟ ಬಿಟ್ಟುಹೋಗಿದ್ದರೆ ಪುಸ್ತಕದಲ್ಲೂ ಇರುವುದಿಲ್ಲ. ಅಂಚು ಕತ್ತರಿಸಿಹೋಗಿದ್ದರೆ ಹಾಗೇ ಅಚ್ಚಾಗುತ್ತದೆ. ಕಲ್ಲಿನ ಪಡಿಯಚ್ಚಿನ ಚಿತ್ರಗಳು ಕರಿ ಮಸಿಯ ಹಾಗೆ ಬರುತ್ತವೆ. ಹೊರಗಡೆ ಚರ್ಮದ ರಟ್ಟು, ಚಿನ್ನದ ಅಕ್ಷರ ನೋಡಿ ಮೂಲ ಪ್ರತಿ ಎಂದು ಮರುಳಾಗಬೇಡಿ.

ರೈಸ್ ಅವರ ಸಂಪುಟಗಳಲ್ಲಿ ಇನ್ನೊಂದು ವಿಶೇಷ ಇದೆ. ಪೀಠಿಕೆ, ಇಂಗ್ಲಿಷ್ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಇವೆಲ್ಲ ಬೇರೆ ಬೇರೆ ಭಾಗಗಳಾಗಿವೆ. ಪುಟಸಂಖ್ಯೆ ಭಾಗ ಬದಲಾದಾಗ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಕೊನೆಯ ಪುಟದ ಸಂಖ್ಯೆ ಕೇಳಿದರೆ ಪುಸ್ತಕ ಪೂರ್ತಿ ಇದೆಯೇ ಎಂದು ತಿಳಿಯುವುದಿಲ್ಲ. ರಟ್ಟು ಬದಲಿಸುವಾಗ ಕನ್ನಡದ ಭಾಗವೇ ಬೇರೆಯಾಗಿ ಉಳಿದುಹೋಗಿರಬಹುದು. ನಿಮಗೆ ಕನ್ನಡ ಲಿಪಿಯ ಪಾಠವೇ ಮುಖ್ಯ ಅಲ್ವಾ? ಅದನ್ನು ಹೆಸರಿಟ್ಟು ಕೇಳಬೇಕು.

ಹತ್ತು ಅಂಗಡಿಗೆ ಬರೆದರೆ ಏನಾಗುತ್ತದೆ

ದಯವಿಟ್ಟು ಹಾಗೆ ಮಾಡಬೇಡಿ. ಬಹಳ ಜನ ಇದನ್ನು ಜಾಣತನ ಎಂದುಕೊಂಡಿದ್ದಾರೆ. ಹತ್ತು ಅಂಗಡಿಗೆ ಬರೆದರೂ ಹತ್ತೂ ಜನ ಕೊನೆಗೆ ಫೋನ್ ಮಾಡುವುದು ಅದೇ ಮೂರು ನಾಲ್ಕು ವ್ಯಾಪಾರಿಗಳಿಗೆ. ಒಂದೇ ವಾರದಲ್ಲಿ ಹತ್ತು ಕಡೆಯಿಂದ ರೈಸ್ 8ನೇ ಸಂಪುಟ ಕೇಳಿದರೆ, ಪ್ರತಿ ಇಟ್ಟುಕೊಂಡವರು ಏನು ತಿಳಿಯಬೇಕು? ಹತ್ತು ಜನ ಗಿರಾಕಿ ಇದ್ದಾರೆ ಎಂದೇ ತಿಳಿಯುತ್ತಾರೆ. ಬೆಲೆ ಏರುತ್ತದೆ. ಏರಿಸಿದವರು ನೀವೇ, ಕೊಡಬೇಕಾದವರೂ ನೀವೇ. ಅದಕ್ಕೆ ಒಬ್ಬರನ್ನು ಆರಿಸಿಕೊಂಡು, ಒಂದು ಗಡುವು ಕೊಟ್ಟು, ಅಲ್ಲಿಯವರೆಗೆ ಬೇರೆ ಯಾರಿಗೂ ಹೇಳುವುದಿಲ್ಲ ಎಂದು ಬರೆಯಿರಿ. ಅಂಗಡಿಯವರಿಗೆ ತನ್ನ ಶ್ರಮ ದಂಡ ಆಗುವುದಿಲ್ಲ ಎಂಬ ನಂಬಿಕೆ ಬರುತ್ತದೆ. ಆಗ ನಿಜವಾಗಿ ಹುಡುಕುತ್ತಾರೆ.

ನಿಮ್ಮ ಬೆಲೆಯ ಮಿತಿಯನ್ನು ಮುಚ್ಚಿಡುವುದೂ ಅಂಥದ್ದೇ ಅಭ್ಯಾಸ. ‘ಮೊದಲೇ ಹೇಳಿದರೆ ಅಷ್ಟೇ ಕೀಳುತ್ತಾರೆ’ ಎಂಬ ಭಯ ನನಗೆ ಗೊತ್ತು. ಹಾಗೆ ಮಾಡುವವರು ಇಲ್ಲವೆಂದು ಹೇಳಲಾರೆ. ಆದರೆ ಹಳೆಯ ಪುಸ್ತಕ ಒಂದೇ ಪ್ರತಿ ಇರುತ್ತದೆ. ಅತ್ತ ಕಡೆಯವರು ಫೋನಿನಲ್ಲಿ ‘ಈಗ ಹೇಳಿ, ಬೇಕೋ ಬೇಡವೋ’ ಎನ್ನುತ್ತಾರೆ. ಮಿತಿ ಗೊತ್ತಿದ್ದರೆ ಅಂಗಡಿಯವರು ಹೂಂ ಎನ್ನಬಹುದು. ಗೊತ್ತಿಲ್ಲದಿದ್ದರೆ ನಿಮಗೆ ಮೇಲ್ ಹಾಕಿ ಕಾಯಬೇಕು. ಅಷ್ಟರಲ್ಲಿ ಪುಸ್ತಕ ಇನ್ನೊಬ್ಬರ ಪಾಲಾಗಿರುತ್ತದೆ.

ಮೊದಲ ಇಮೇಲ್

ವಿಷಯದ ಸಾಲಿನಲ್ಲಿ ಪುಸ್ತಕದ ಹೆಸರನ್ನೇ ಮೊದಲು ಹಾಕಿ. ಅಂಗಡಿಯವರು ನೋಡುವುದು ಫೋನಿನಲ್ಲಿ, ಅಲ್ಲಿ ಮೊದಲ ಕೆಲವು ಪದ ಮಾತ್ರ ಕಾಣುತ್ತದೆ. ‘ಒಂದು ಸಣ್ಣ ವಿನಂತಿ’ ಎಂದು ಶುರುವಾದರೆ ತೆರೆಯುವುದು ತಡ. ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಕೊಡಿ, ಏಕೆಂದರೆ ಅವರು ಅದನ್ನೇ ನಕಲು ಮಾಡಿ ಹುಡುಕುತ್ತಾರೆ, ಅದನ್ನೇ ಬೇರೆ ವ್ಯಾಪಾರಿಗಳಿಗೆ ಕಳಿಸುತ್ತಾರೆ. ಐಎಸ್‌ಬಿಎನ್ ಸಂಖ್ಯೆ ಹುಡುಕುತ್ತಾ ಕೂರಬೇಡಿ. 1904ರಲ್ಲಿ ಅದು ಇರಲೇ ಇಲ್ಲ. ಯಾವುದಾದರೂ ಪ್ರತಿಗೆ ಆ ಸಂಖ್ಯೆ ತೋರಿಸುತ್ತಿದ್ದಾರೆ ಎಂದರೆ ಅದು ಮರುಮುದ್ರಣ ಎಂದೇ ಲೆಕ್ಕ.

ನಿಮ್ಮ ಮೇಲ್ ಹೀಗಿರಬಹುದು. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಕೈಗೆಟಕುವಷ್ಟನ್ನು ಹಾಕಿಕೊಳ್ಳಿ.

> ವಿಷಯ: Epigraphia Carnatica Vol. VIII (Rice, 1904) – ಹುಡುಕಿಕೊಡಲು ಕೋರಿಕೆ
>
> ನಮಸ್ಕಾರ ಸರ್,
>
> ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಹಿಂದೆ ಒಂದು ಸಾಲಿನ ಮೇಲ್ ಹಾಕಿದ್ದೆ, ಅದರ ಬದಲು ದಯವಿಟ್ಟು ಇದನ್ನು ನೋಡಿ.
>
> ಬೇಕಾದ ಪುಸ್ತಕ: ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 8, ಶಿವಮೊಗ್ಗ ಜಿಲ್ಲೆಯ ಶಾಸನಗಳು, ಎರಡನೇ ಭಾಗ. ಸಂಪಾದಕರು ಬಿ. ಎಲ್. ರೈಸ್, 1904. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳಿರುವ ಸಂಪುಟ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮಾಲೆಯ 8ನೇ ಸಂಪುಟ ಹಾಸನದ್ದು, ಅದು ಬೇಡ.
>
> ಮೂಲ ಅಚ್ಚಿನ ಪ್ರತಿ ಬೇಕು. ಮರುಮುದ್ರಣ ಮಾತ್ರ ಸಿಕ್ಕರೆ ತರಿಸುವ ಮೊದಲು ನನ್ನನ್ನು ಕೇಳಿ.
>
> ರಟ್ಟು ಸಡಿಲವಾಗಿದ್ದರೆ, ಅಂಚು ಕಂದಾಗಿದ್ದರೆ, ಗ್ರಂಥಾಲಯದ ರದ್ದು ಮುದ್ರೆ ಇದ್ದರೆ ಪರವಾಗಿಲ್ಲ. ಪುಟ ಕಾಣೆಯಾದದ್ದು, ಅಕ್ಷರದ ಮೇಲೆ ಗೆದ್ದಲಿನ ತೂತು ಇರುವುದು, ಬೂಷ್ಟು ಹಿಡಿದದ್ದು ಬೇಡ. ಕನ್ನಡ ಲಿಪಿಯ ಪಾಠದ ಭಾಗ ಪೂರ್ತಿ ಇರಲೇಬೇಕು.
>
> ಅಂಚೆ ಖರ್ಚು ಸೇರಿ 4,000 ರೂಪಾಯಿವರೆಗೆ ಕೊಡಬಲ್ಲೆ. ಅದರೊಳಗಾದರೆ ನನ್ನನ್ನು ಕೇಳದೆಯೇ ನನಗಾಗಿ ಹಿಡಿದಿಡಿ. ಮೀರಿದರೆ ಫೋನ್ ಮಾಡಿ.
>
> ಸೆಪ್ಟೆಂಬರ್ 30ರವರೆಗೆ ಕಾಯುತ್ತೇನೆ. ಅಲ್ಲಿಯವರೆಗೆ ಬೇರೆ ಅಂಗಡಿಗೆ ಹೇಳುವುದಿಲ್ಲ.
>
> ಹಿಡಿದಿಡಲು ಮುಂಗಡ ಬೇಕಿದ್ದರೆ ಎಷ್ಟು, ಪುಸ್ತಕ ಸಿಗದಿದ್ದರೆ ಅದು ವಾಪಸ್ ಬರುತ್ತದೆಯೇ ಎಂದು ತಿಳಿಸಿ. ಯುಪಿಐ ಅಥವಾ ಬ್ಯಾಂಕ್ ಖಾತೆಗೆ ಹಾಕುತ್ತೇನೆ. ಬಿಲ್ ಬೇಕು.
>
> ಹೆಸರು, ಫೋನ್, ಪೂರ್ತಿ ವಿಳಾಸ, ಪಿನ್ 577432

ಈ ಮೇಲ್‌ನಲ್ಲಿ ಎರಡು ಸಾಲು ಬಹಳ ಮುಖ್ಯ. ‘ಹಾಸನದ್ದು ಬೇಡ’ ಎಂಬ ಸಾಲು ಆಮೇಲೆ ಜಗಳ ಬಂದರೆ ನಿಮ್ಮನ್ನು ಕಾಯುತ್ತದೆ. ಬೇಕಾದ್ದನ್ನು ಹೇಳುವ ಹಾಗೆಯೇ ಅದರ ಪಕ್ಕದಲ್ಲಿ ನಿಂತು ಗೊಂದಲ ಮಾಡುವ ಪುಸ್ತಕವನ್ನೂ ಹೆಸರಿಟ್ಟು ಬೇಡ ಎನ್ನಬೇಕು. ‘ಕೇಳದೆಯೇ ಹಿಡಿದಿಡಿ’ ಎಂಬುದು ನೀವು ಕೊಡುವ ಮಾತು. ಆಮೇಲೆ ಮನಸ್ಸು ಬದಲಾಯಿತು ಎನ್ನುವ ಹಾಗಿಲ್ಲ. ಅಂಗಡಿಯವರು ತಮ್ಮ ಕೈಯಿಂದ ದುಡ್ಡು ಕೊಟ್ಟು ತರಿಸಿರುತ್ತಾರೆ. ರೈಸ್ ಸಂಪುಟಕ್ಕೆ ಶಿವಮೊಗ್ಗದಲ್ಲಿ ನಾಳೆಯೇ ಇನ್ನೊಬ್ಬ ಗಿರಾಕಿ ಸಿಗುವುದಿಲ್ಲ. ಅಷ್ಟು ಧೈರ್ಯ ಇಲ್ಲದಿದ್ದರೆ ಆ ಸಾಲು ತೆಗೆದುಬಿಡಿ, ಪ್ರತಿ ಕೈತಪ್ಪಬಹುದು ಎಂದು ತಿಳಿದೇ ತೆಗೆಯಿರಿ.

ಗ್ರಂಥಾಲಯದ ಮುದ್ರೆಯ ಬಗ್ಗೆಯೂ ಒಂದು ಮಾತು. ರದ್ದು ಮಾಡಿದ ಗುರುತಿದ್ದರೆ ತೊಂದರೆ ಇಲ್ಲ. ಬರೀ ಗ್ರಂಥಾಲಯದ ಮುದ್ರೆ ಇದ್ದು, ರದ್ದಾದ ಗುರುತು ಎಲ್ಲೂ ಇಲ್ಲದಿದ್ದರೆ ಅದು ಎಲ್ಲಿಂದ ಬಂತು ಎಂದು ಕೇಳಿ. ಸರಿಯಾದ ಉತ್ತರ ಬರದಿದ್ದರೆ ಕೊಳ್ಳಬೇಡಿ.

ವಾರ ಕಳೆದರೂ ಉತ್ತರ ಬರದಿದ್ದರೆ ಇನ್ನೊಂದು ಮೇಲ್ ಹಾಕುವುದಕ್ಕಿಂತ ಅಂಗಡಿಗೆ ಫೋನ್ ಮಾಡಿ, ‘ಇಂಥ ದಿನ ಮೇಲ್ ಹಾಕಿದ್ದೆ’ ಎನ್ನಿ. ಎಷ್ಟೋ ಸಲ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಆದರೆ ಫೋನಿನಲ್ಲಿ ಆದ ಮಾತನ್ನು ಮತ್ತೆ ಮೇಲ್‌ನಲ್ಲಿ ಎರಡು ಸಾಲು ಬರೆದು ಕಳಿಸಿ. ಬರಹದಲ್ಲಿ ಇದ್ದದ್ದು ಮಾತ್ರ ಆಮೇಲೆ ಕೆಲಸಕ್ಕೆ ಬರುತ್ತದೆ.

ಪೂರ್ತಿ ದುಡ್ಡು ಮೊದಲೇ ಕೇಳಿದರೆ

ಪೂರ್ತಿ ಹಣ ಮೊದಲೇ ಕೇಳಿದ ಮಾತ್ರಕ್ಕೆ ಅವರು ಮೋಸಗಾರರಲ್ಲ. ದೂರದ ಊರಿಗೆ ಕಳಿಸುವಾಗ ನಾವೆಲ್ಲ ಹಾಗೆಯೇ ಮಾಡುತ್ತೇವೆ. ಹಣ ಬಾರದೆ ಪುಸ್ತಕ ಕಳಿಸಿದರೆ, ಪುಸ್ತಕವೂ ಇಲ್ಲ ಹಣವೂ ಇಲ್ಲ ಎಂಬ ಪರಿಸ್ಥಿತಿ ನಮಗೂ ಬರುತ್ತದೆ. ನೋಡಬೇಕಾದ್ದು ಬೇರೆ. ಪುಸ್ತಕ ಈಗಾಗಲೇ ಅವರ ಕೈಯಲ್ಲಿ ಇದೆಯೇ, ಇನ್ನೂ ಹುಡುಕಬೇಕೇ?

ಕೈಯಲ್ಲಿರುವ ಪುಸ್ತಕಕ್ಕೆ, ಫೋಟೋ ನೋಡಿ ಒಪ್ಪಿದ ಮೇಲೆ, ಪೂರ್ತಿ ಹಣ ಕೊಡುವುದು ನ್ಯಾಯ. ಇನ್ನೂ ಹುಡುಕಬೇಕಾದ ಪುಸ್ತಕಕ್ಕೆ ಪೂರ್ತಿ ಹಣ ಕೊಡಬೇಡಿ. ಯಾವ ಬೆಲೆಗೆ ಸಿಗುತ್ತದೆ ಎಂದು ಅವರಿಗೇ ಗೊತ್ತಿರುವುದಿಲ್ಲ, ಹಾಗಿದ್ದಾಗ ‘ಪೂರ್ತಿ’ ಎಂದರೆ ಎಷ್ಟು? ಹುಡುಕುವ ಹಂತದಲ್ಲಿ ಮುಂಗಡ ಕೊಟ್ಟರೆ ಜಾಸ್ತಿ ಮುತುವರ್ಜಿ ವಹಿಸುತ್ತಾರೆ ಎಂಬ ನಂಬಿಕೆಯೂ ಇದೆ. ನನ್ನ ಅನುಭವದಲ್ಲಿ ಹುಡುಕಾಟ ನಡೆಯುವುದು ವಿವರದ ಮೇಲೆ, ಮುಂಗಡದ ಮೇಲಲ್ಲ. ಮುಂಗಡಕ್ಕೆ ಸರಿಯಾದ ಸಮಯ ಪ್ರತಿ ಸಿಕ್ಕಿ, ಅದನ್ನು ನಿಮಗಾಗಿ ಹಿಡಿದಿಡುವಾಗ.

ನಿಮಗೆ ಫೋನಿನಲ್ಲಿ ಸಿಕ್ಕವರನ್ನು ಹೀಗೆ ಕೇಳಿ: “ಪುಸ್ತಕ ನಿಮ್ಮ ಹತ್ತಿರ ಇದೆಯಾ ಸರ್? ಹೆಸರಿನ ಪುಟದ ಮೇಲೆ ಇವತ್ತಿನ ತಾರೀಖು, ನನ್ನ ಹೆಸರು ಬರೆದ ಚೀಟಿ ಇಟ್ಟು ಒಂದು ಫೋಟೋ ಕಳಿಸುತ್ತೀರಾ?” ಪುಟದ ಫೋಟೋ ಯಾರು ಬೇಕಾದರೂ ಇಂಟರ್ನೆಟ್‌ನಿಂದ ತೆಗೆಯಬಹುದು. ಚೀಟಿ ಇಟ್ಟು ತೆಗೆಯಬೇಕಾದರೆ ಪುಸ್ತಕ ಎದುರಿಗೆ ಇರಲೇಬೇಕು. ಜೊತೆಗೆ ಬೆನ್ನಿನ ಫೋಟೋ, ಒಂದೊಂದು ಭಾಗದ ಕೊನೆಯ ಪುಟದ ಫೋಟೋ ಕೇಳಿ. ಆ ಪುಟಗಳನ್ನು ಸ್ಕ್ಯಾನ್ ಜೊತೆ ಹೋಲಿಸಿದರೆ ಪುಸ್ತಕ ಪೂರ್ತಿ ಇದೆಯೇ ಎಂಬುದು ಮುಕ್ಕಾಲು ಪಾಲು ತಿಳಿಯುತ್ತದೆ. ನಿಮ್ಮ ಶಾಸನ ಇರುವ ಪುಟದ ಫೋಟೋ ಮಾತ್ರ ಕೇಳಬೇಡಿ. ಬೇಕಾದ ಪುಟ ನೋಡಿಕೊಂಡು ಮಾಯವಾಗುವವರು ಇದ್ದಾರೆ, ಅಂಗಡಿಯವರಿಗೆ ನಿಮ್ಮ ಮೇಲೂ ಅದೇ ಅನುಮಾನ ಬರುತ್ತದೆ.

ಫೋಟೋ ಕಳಿಸಲು ನೆಪ ಹೇಳಿ, ‘ಇವತ್ತೇ ಹಾಕಿ, ಇಲ್ಲಾಂದ್ರೆ ಬೇರೆಯವರಿಗೆ’ ಎಂದು ಅವಸರ ಮಾಡಿದರೆ ಬಿಟ್ಟುಬಿಡಿ. ಅಂಗಡಿಯ ಹೆಸರು ಒಂದು, ಹಣ ಹೋಗುವ ಖಾತೆಯ ಹೆಸರು ಸಂಬಂಧವೇ ಇಲ್ಲದ ಇನ್ನೊಂದು ಆಗಿದ್ದರೂ ಅಷ್ಟೇ. ಸಣ್ಣ ಅಂಗಡಿಗಳಲ್ಲಿ ಮಾಲೀಕರ ಸ್ವಂತ ಹೆಸರಿನ ಖಾತೆ ಇರುವುದು ಸಹಜ. ಆಗ ‘ಖಾತೆ ನಿಮ್ಮ ಹೆಸರಿನಲ್ಲೇ ಇದೆಯಾ’ ಎಂದು ಮೇಲ್‌ನಲ್ಲೇ ಕೇಳಿ ಉತ್ತರ ಪಡೆಯಿರಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಪುಸ್ತಕದ ಬೆಲೆಯ ಮೇಲೆ ತೆರಿಗೆ ಎಂದು ಯಾರಾದರೂ ಸೇರಿಸಿದರೆ ಪ್ರಶ್ನಿಸಿ.

ಹಣ ಹಾಕುವ ದಿನ

ಶಿವಮೊಗ್ಗದ ಅಂಗಡಿಯವರಿಗೆ ಪ್ರತಿ ಸಿಕ್ಕಿತು ಎಂದುಕೊಳ್ಳಿ. ಅವರು ಹೀಗೆ ಬರೆಯುತ್ತಾರೆ: ಪುಸ್ತಕ 3,200, ಅಂಚೆ ಮತ್ತು ಪ್ಯಾಕಿಂಗ್ 180, ಒಟ್ಟು 3,380 ರೂಪಾಯಿ. ಹಿಡಿದಿಡಲು 1,000 ಮುಂಗಡ, ಉಳಿದದ್ದು ಕಳಿಸುವ ಮೊದಲು. ನೀವು ತಕ್ಷಣ ಹಣ ಹಾಕದೆ, ಮೊದಲು ಒಪ್ಪಿಗೆಯ ಮೇಲ್ ಹಾಕಿ. ಅವರ ಮೇಲ್‌ಗೇ ಉತ್ತರವಾಗಿ ಹಾಕಿ, ಹೊಸದಾಗಿ ಶುರು ಮಾಡಬೇಡಿ. ಎಲ್ಲವೂ ಒಂದೇ ದಾರದಲ್ಲಿ ಇರಲಿ.

> ಸರ್, ನೀವು ಕಳಿಸಿದ ಫೋಟೋಗಳನ್ನು ನೋಡಿದೆ, ಪ್ರತಿ ಒಪ್ಪಿಗೆ. ಒಟ್ಟು 3,380 ರೂಪಾಯಿ. ಇವತ್ತು 1,000 ಮುಂಗಡ ಹಾಕುತ್ತೇನೆ. ಉಳಿದ 2,380 ನೀವು ಪ್ಯಾಕ್ ಮಾಡಿದ ದಿನ ಹಾಕುತ್ತೇನೆ. ಪುಸ್ತಕ ನೀವು ಹೇಳಿದ ಹಾಗೆ ಇರದಿದ್ದರೆ ವಾಪಸ್ ತಗೊಂಡು ಹಣ ಕೊಡುತ್ತೀರಿ ಎಂದು ತಿಳಿದಿದ್ದೇನೆ. ಸರಿ ಎಂದು ಒಂದು ಮಾತು ಬರೆಯಿರಿ.

ಅವರು ‘ಸರಿ’ ಎಂದ ಮೇಲೆ ಯುಪಿಐನಲ್ಲಿ ಹಾಕಿ. ಪಿನ್ ಒತ್ತುವ ಮೊದಲು ಪರದೆಯ ಮೇಲೆ ಬರುವ ಹೆಸರು ಓದಿ. ಟಿಪ್ಪಣಿಯಲ್ಲಿ ‘ರೈಸ್ 8 ಮುಂಗಡ’ ಎಂದು ಬರೆಯಿರಿ. ಹಣ ಹೋದ ಮೇಲೆ ಬರೀ ಸ್ಕ್ರೀನ್‌ಶಾಟ್ ಕಳಿಸಿ ಸುಮ್ಮನಾಗಬೇಡಿ. 12 ಅಂಕಿಯ ಯುಟಿಆರ್ ಸಂಖ್ಯೆ, ತಾರೀಖು, ಮೊತ್ತ ಮೂರನ್ನೂ ಮೇಲ್‌ನಲ್ಲೇ ಟೈಪ್ ಮಾಡಿ ಕಳಿಸಿ. ಸ್ಕ್ರೀನ್‌ಶಾಟ್ ಯಾರು ಬೇಕಾದರೂ ತಿದ್ದಬಹುದು. ಅದಕ್ಕೆ ಅಂಗಡಿಯವರು ಆ ಸಂಖ್ಯೆಯನ್ನು ತಮ್ಮ ಖಾತೆಯಲ್ಲಿ ನೋಡಿಕೊಳ್ಳುತ್ತಾರೆ. ನೀವೇ ಕೊಟ್ಟರೆ ಅವರ ಕೆಲಸ ಬೇಗ ಆಗುತ್ತದೆ.

ಮುಂಗಡ ವಾಪಸ್ ಬರಬೇಕಾದ ಸಂದರ್ಭದಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಹಣ ಪಡೆಯುವುದಕ್ಕೆ ನೀವು ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಯಾರಾದರೂ ‘ರೀಫಂಡ್‌ಗೆ ಇದನ್ನು ಸ್ಕ್ಯಾನ್ ಮಾಡಿ’ ಎಂದರೆ ಅದು ನಿಮ್ಮ ಖಾತೆಯಿಂದ ಇನ್ನಷ್ಟು ಎಳೆಯುವ ದಾರಿ. ಹಾಗೇನಾದರೂ ಆಗಿಬಿಟ್ಟರೆ ಕೂಡಲೇ 1930ಕ್ಕೆ ಫೋನ್ ಮಾಡಿ, cybercrime.gov.in ತಾಣದಲ್ಲಿ ದೂರು ಕೊಡಿ. ಗಂಟೆಗಳು ಕಳೆದಷ್ಟೂ ಹಣ ಬೇರೆ ಬೇರೆ ಖಾತೆಗೆ ಹಂಚಿಹೋಗುತ್ತದೆ.

ಪುಸ್ತಕ ಊರಿಗೆ ಬರುವುದು

ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೋಗುವುದು ಇದ್ದೇ ಇರುತ್ತದಲ್ಲ, ಆಗ ಅಂಗಡಿಗೇ ಹೋಗಿ ನೋಡಿ, ಉಳಿದ ಹಣ ಕೊಟ್ಟು ತಗೊಂಡು ಬರುವುದು ಎಲ್ಲಕ್ಕಿಂತ ಒಳ್ಳೆಯದು. ಮಳೆಗಾಲದಲ್ಲಂತೂ ಇದೇ ಸರಿ. ಹೋಗಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಕೇಳಿ. ಖಾಸಗಿ ಕೊರಿಯರ್‌ನವರು ಎಷ್ಟೋ ಸಲ ತೀರ್ಥಹಳ್ಳಿ ಪೇಟೆಯವರೆಗೆ ಮಾತ್ರ ಬರುತ್ತಾರೆ, ಒಳಗಿನ ಊರಿಗೆ ಪೋಸ್ಟ್‌ಮ್ಯಾನ್ ಬರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳಿಸುವುದಾದರೆ ಪುಸ್ತಕವನ್ನು ಮೊದಲು ಕಾಗದದಲ್ಲಿ, ಆಮೇಲೆ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಎರಡೂ ಬದಿಗೆ ಗಟ್ಟಿ ರಟ್ಟು ಇಟ್ಟು ಕಟ್ಟಲು ಮೇಲ್‌ನಲ್ಲೇ ಹೇಳಿ. ಅದಕ್ಕೆ ಇನ್ನೂ ಸ್ವಲ್ಪ ಖರ್ಚಾದರೆ ಕೊಡಿ. ವಿಳಾಸದಲ್ಲಿ ನಿಮ್ಮ ಅಂಚೆ ಕಚೇರಿಯ ಹೆಸರು, ಫೋನ್ ನಂಬರ್ ಇರಲಿ. ನಾನು ಬರೆದ ಪಿನ್ ತೀರ್ಥಹಳ್ಳಿ ಪೇಟೆಯದು, ನಿಮ್ಮ ಊರಿನದು ಬೇರೆ ಇದ್ದರೆ ಅದನ್ನೇ ಹಾಕಿ.

ಪೊಟ್ಟಣ ಬಂದ ದಿನವೇ ಬಿಚ್ಚಿ. ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಮೊದಲು ಹೆಸರಿನ ಪುಟ ನೋಡಿ, ರೈಸ್, 1904, ಶಿವಮೊಗ್ಗ ಎರಡನೇ ಭಾಗ ಎಂದಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಕನ್ನಡ ಪಾಠದ ಭಾಗದಲ್ಲಿ ತೀರ್ಥಹಳ್ಳಿ ತಾಲ್ಲೂಕಿಗೆ ಹೋಗಿ, ನೀವು ಬರೆದಿಟ್ಟುಕೊಂಡ ಸಂಖ್ಯೆಯ ಶಾಸನ ಹುಡುಕಿ. ಒಣಗಿದ ಕಾಗದ, ಪುಟವನ್ನು ಮೂಲೆಯಿಂದ ಎಳೆಯದೆ ನಡುವೆ ಅಂಗೈ ಇಟ್ಟು ತಿರುಗಿಸಿ. ಮೂಗಿಗೆ ಬೂಷ್ಟಿನ ವಾಸನೆ ಬಂದರೆ ಬೇರೆ ಪುಸ್ತಕಗಳ ಜೊತೆ ಇಡಬೇಡಿ.

ಏನಾದರೂ ತಪ್ಪು ಕಂಡರೆ ಅವತ್ತೇ, ಹೆಚ್ಚೆಂದರೆ ಮರುದಿನ, ಫೋಟೋ ಸಮೇತ ಅದೇ ಮೇಲ್‌ಗೆ ಉತ್ತರ ಹಾಕಿ. ಹದಿನೈದು ದಿನ ಬಿಟ್ಟು ಹೇಳಿದರೆ ಬೂಷ್ಟು ನಿಮ್ಮ ಮನೆಯಲ್ಲೇ ಹಿಡಿಯಿತು ಎಂದು ಅವರು ಹೇಳಬಹುದು, ಅದನ್ನು ಇಲ್ಲ ಎನ್ನಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಎಲ್ಲ ಸರಿಯಿದ್ದರೆ ‘ಪುಸ್ತಕ ತಲುಪಿತು, ಪೂರ್ತಿ ಇದೆ’ ಎಂದು ಒಂದು ಸಾಲು ಬರೆಯಿರಿ. ಬಿಲ್ಲನ್ನು ಪುಸ್ತಕದೊಳಗೆ ಇಡದೆ ಬೇರೆ ಕಡತದಲ್ಲಿ ಇಡಿ, ಮಸಿ ಪುಟಕ್ಕೆ ಹತ್ತುತ್ತದೆ.

ಸೆಪ್ಟೆಂಬರ್ 30 ಕಳೆದರೂ ಪ್ರತಿ ಸಿಗದಿದ್ದರೆ ಅಂಗಡಿಯವರಿಗೆ ಎರಡು ಸಾಲು ಬರೆದು, ಗಡುವು ಮುಂದುವರಿಸುತ್ತೀರೋ ಇಲ್ಲವೋ ತಿಳಿಸಿ. ಮುಂದುವರಿಸದಿದ್ದರೆ ‘ಇನ್ನು ಹುಡುಕುವುದು ಬೇಡ’ ಎಂದು ಸ್ಪಷ್ಟವಾಗಿ ಹೇಳಿ, ಅದಾದ ಮೇಲೆಯೇ ಇನ್ನೊಂದು ಅಂಗಡಿಗೆ ಇದೇ ಮೇಲ್ ಕಳಿಸಿ. ಮೊದಲಿನವರು ನಿಮಗಾಗಿ ಹೇಳಿಟ್ಟ ಕಡೆಗಳಲ್ಲಿ ಇನ್ನೂ ನಿಮ್ಮ ಕೋರಿಕೆ ನಿಂತಿದ್ದರೆ, ಡಿಸೆಂಬರ್‌ನಲ್ಲಿ ಎರಡು ಪ್ರತಿ ಒಟ್ಟಿಗೆ ಬಂದು, ಎರಡಕ್ಕೂ ನೀವು ಉತ್ತರ ಕೊಡಬೇಕಾಗುತ್ತದೆ.